ಮಸುಕು ಚಿತ್ರಕ್ಕೆ 100ರ ಗೆರೆ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಲೆಕ್ಕ

ಶಿರಸಿಯ ಬೇಡರ ವೇಷ, ಸಿದ್ದಾಪುರದ ಉಂಚಳ್ಳಿ ಜಲಪಾತದ ಮಳೆಗಾಲದ ಮಂಜು, ಯಲ್ಲಾಪುರದ ಸಾತೊಡ್ಡಿ ಮತ್ತು ಮಾಗೋಡು. ಈ ಮೂರು ತಾಲ್ಲೂಕುಗಳಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರ ಹಾರ್ಡ್ ಡಿಸ್ಕ್ ತೆರೆದರೆ ಈ ಬಗೆಯ ಚಿತ್ರಗಳು ಸಾವಿರಗಟ್ಟಲೆ ಸಿಗುತ್ತವೆ. ಅವುಗಳ ನಡುವೆ ಕೈ ಅಲುಗಿದ್ದು, ಫೋಕಸ್ ತಪ್ಪಿದ್ದು, ಕತ್ತಲಲ್ಲಿ ಕಲಸಿಹೋದದ್ದು ಎಲ್ಲವೂ ಸೇರಿಕೊಂಡಿರುತ್ತವೆ. ಮಸುಕಾದವನ್ನು ಕಂಪ್ಯೂಟರೇ ಹುಡುಕಿ ಬೇರೆ ಮಾಡಲಿ ಎಂಬ ಆಸೆ ಸಹಜ. ಅದಕ್ಕೆ ಹೆಚ್ಚು ಜನ ಬಳಸುವ ದಾರಿ ‘ಲ್ಯಾಪ್ಲಾಸಿಯನ್‌ನ ವೇರಿಯನ್ಸ್’ ಎಂಬ ಒಂದೇ ಒಂದು ಸಂಖ್ಯೆ. ಪ್ರತಿ ಚಿತ್ರಕ್ಕೂ ಒಂದು ಅಂಕ ಬರುತ್ತದೆ. 100ಕ್ಕಿಂತ ಕಡಿಮೆ ಬಂದರೆ ಮಸುಕು ಎಂದು ಬಗೆದು ತೆಗೆದುಹಾಕುವುದು ರೂಢಿ.

ಆ 100ರ ಗೆರೆಯನ್ನು ಮಲೆನಾಡಿನ ಚಿತ್ರಗಳ ಮೇಲೆ ಎಳೆದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ಕೂಡಿ ಕಳೆದು ನೋಡಬಹುದು. ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ. ಒಂದೇ ಸನ್ನಿವೇಶದ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಲು ಈ ಅಂಕ ಬಹಳ ಒಳ್ಳೆಯದು. ಇಡೀ ಸಂಗ್ರಹಕ್ಕೆ ಒಂದೇ ಗೆರೆ ಎಳೆದು ಅಳಿಸಲು ಹೊರಟರೆ ಒಳ್ಳೆಯ ಚಿತ್ರಗಳೇ ಮೊದಲು ಹೋಗುತ್ತವೆ.

ಉಳಿತಾಯ ಡಿಸ್ಕಿನದೋ ಸಮಯದ್ದೋ

ಮೊದಲು ಖರ್ಚಿನ ಮಾತು. ಒಂದು ಹವ್ಯಾಸಿ ಬಳಗದ ಹತ್ತು ವರ್ಷದ ಸಂಗ್ರಹ 40,000 ಚಿತ್ರ ಎಂದು ಹಿಡಿಯೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್ ಇರುತ್ತವೆ. ಒಂದು ಜೆಪೆಗ್ ಫೈಲು ಸರಾಸರಿ 8 ಎಂಬಿ ಆದರೆ ಒಟ್ಟು 320 ಜಿಬಿ ಆಯಿತು. 2 ಟಿಬಿಯ ಡಿಸ್ಕಿಗೆ 6,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಜಿಬಿಗೆ ಬೀಳುವುದು 3 ರೂಪಾಯಿ. ಇಡೀ ಸಂಗ್ರಹವನ್ನು ಇಡುವ ಖರ್ಚು 960 ರೂಪಾಯಿ, ಎರಡು ಪ್ರತಿ ಇಟ್ಟರೆ 1,920. ಐದರಲ್ಲೊಂದು ಚಿತ್ರ ಮಸುಕು ಎಂದು 8,000 ಚಿತ್ರ ಅಳಿಸಿದರೆ ಉಳಿಯುವುದು 64 ಜಿಬಿ, ಅಂದರೆ ಒಂದು ಪ್ರತಿಗೆ 192 ರೂಪಾಯಿ. ಅಷ್ಟಕ್ಕಾಗಿ ಯಾರೂ ಪ್ರೋಗ್ರಾಂ ಬರೆಯಬೇಕಾಗಿಲ್ಲ.

ಸಮಯದ ಲೆಕ್ಕ ಬೇರೆಯೇ ಇದೆ. ಒಂದು ಚಿತ್ರವನ್ನು ತೆರೆದು, ಚೂಪಾಗಿದೆಯೇ ಎಂದು ನೋಡಿ ಮುಂದೆ ಹೋಗಲು 3 ಸೆಕೆಂಡ್ ಹಿಡಿದರೆ 40,000 ಚಿತ್ರಕ್ಕೆ 1,20,000 ಸೆಕೆಂಡ್, ಅಂದರೆ 33 ಗಂಟೆ 20 ನಿಮಿಷ ಬೇಕು. ದಿನಕ್ಕೆ ಎರಡು ಗಂಟೆ ಕೂತರೂ ಹದಿನೇಳು ದಿನದ ಕೆಲಸ, ಅದೂ ಕಣ್ಣು ಸೋಲದಿದ್ದರೆ. ಅಂತರ್ಜಾಲಕ್ಕೆ ಏರಿಸುವ ಹೊತ್ತೂ ಇದರ ಜತೆಗಿದೆ. ಏರಿಸುವ ವೇಗ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೆ 320 ಜಿಬಿಗೆ 71 ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇರುವ ಗಂಟೆಗಳನ್ನಷ್ಟೇ ಎಣಿಸುವ ಊರುಗಳಲ್ಲಿ ಇದು ವಾರಗಟ್ಟಲೆ ಎಳೆಯುತ್ತದೆ. 64 ಜಿಬಿ ಕಡಿಮೆಯಾದರೆ ಅಲ್ಲಿ 14 ಗಂಟೆ ಉಳಿದಂತೆ.

ಹಾಗಾಗಿ ಗುರಿ ಜಾಗ ಉಳಿಸುವುದಲ್ಲ, ಮನುಷ್ಯರು ಕೂತು ನೋಡಬೇಕಾದ ಗಂಟೆಗಳನ್ನು ಉಳಿಸುವುದು. ಇದನ್ನು ಮೊದಲೇ ತೀರ್ಮಾನಿಸಿಕೊಂಡರೆ ಮುಂದಿನ ಒಂದು ನಿರ್ಧಾರ ಸುಲಭವಾಗುತ್ತದೆ. ಮಸುಕು ಎಂದು ಯಂತ್ರ ಹೇಳಿದ್ದನ್ನು ತಕ್ಷಣ ಅಳಿಸುವ ಅಗತ್ಯವೇ ಇಲ್ಲ, ಬೇರೆ ಫೋಲ್ಡರಿಗೆ ಸರಿಸಿದರೆ ಸಾಕು. ಅದನ್ನು ಇಟ್ಟುಕೊಳ್ಳುವ ಬೆಲೆ 192 ರೂಪಾಯಿ ಮಾತ್ರ.

ಅಂಕ ಬರುವ ಬಗೆ

ಚೂಪಾದ ಚಿತ್ರದಲ್ಲಿ ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟುವ ಅಂಚು ಥಟ್ಟನೆ ಬದಲಾಗುತ್ತದೆ. ಮಸುಕಾದ ಚಿತ್ರದಲ್ಲಿ ಅದೇ ಅಂಚು ಮೆಲ್ಲಗೆ ಇಳಿಜಾರಾಗಿ ಬದಲಾಗುತ್ತದೆ. ಲ್ಯಾಪ್ಲಾಸಿಯನ್ ಅಳೆಯುವುದು ಈ ಥಟ್ಟನೆಯ ಬದಲಾವಣೆಯನ್ನು. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಪ್ರತಿ ಪಿಕ್ಸೆಲ್‌ನ ಮೇಲೆ, ಕೆಳಗೆ, ಎಡ, ಬಲ ಇರುವ ನಾಲ್ಕು ಪಿಕ್ಸೆಲ್‌ಗಳ ಬೆಲೆ ಕೂಡಿ, ಅದರಿಂದ ಆ ಪಿಕ್ಸೆಲ್‌ನ ಬೆಲೆಯ ನಾಲ್ಕರಷ್ಟನ್ನು ಕಳೆಯಬೇಕು. ಸುತ್ತ ಎಲ್ಲವೂ ಒಂದೇ ಆಗಿದ್ದರೆ ಉತ್ತರ ಸೊನ್ನೆ. ಸಮನಾದ ಇಳಿಜಾರಿನಲ್ಲೂ ಸೊನ್ನೆಯೇ. ಮಟ್ಟಸದಿಂದ ಇಳಿಜಾರಿಗೆ ತಿರುಗುವ ಜಾಗದಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ.

ಒಂದು ಸಾಲು ತೆಗೆದುಕೊಂಡು ನೋಡೋಣ. ಕಪ್ಪಿಗೆ 0, ಬಿಳಿಗೆ 255. ನೆರಳಿನ ಗೋಡೆಯ ಬೆಲೆ 50, ಅದರ ಪಕ್ಕದ ಬಿಸಿಲಿನದು 200 ಎಂದಿರಲಿ. ಹತ್ತು ಪಿಕ್ಸೆಲ್ ಅಗಲದ ತುಂಡಿನಲ್ಲಿ ಮೊದಲ ಐದು 50, ಮುಂದಿನ ಐದು 200. ಮೇಲಿನ ಕೆಳಗಿನ ಸಾಲುಗಳೂ ಹೀಗೆಯೇ ಇವೆ ಎಂದುಕೊಂಡರೆ ಲ್ಯಾಪ್ಲಾಸಿಯನ್ ಎಂಟು ಕಡೆ ಸೊನ್ನೆ, ಅಂಚಿನ ಎಡಕ್ಕೆ +150, ಬಲಕ್ಕೆ −150. ಸರಾಸರಿ ಸೊನ್ನೆ. ವೇರಿಯನ್ಸ್ ಎಂದರೆ ಸರಾಸರಿಯಿಂದ ಇರುವ ದೂರಗಳ ವರ್ಗಗಳ ಸರಾಸರಿ, ಅಂದರೆ 45,000ವನ್ನು 10ರಿಂದ ಭಾಗಿಸಿದರೆ 4,500.

ಈಗ ಅದೇ ಅಂಚು ಮಸುಕಾಯಿತು ಅನ್ನಿ. 50, 50, 50, 80, 110, 140, 170, 200, 200, 200. ಬದಲಾವಣೆ ಐದು ಹೆಜ್ಜೆಗೆ ಹರಡಿದೆ. ಇಳಿಜಾರು ಶುರುವಾಗುವಲ್ಲಿ +30, ಮುಗಿಯುವಲ್ಲಿ −30, ಉಳಿದೆಡೆ ಸೊನ್ನೆ. ವೇರಿಯನ್ಸ್ 180. ಅಂಚು ಐದು ಪಟ್ಟು ಹರಡಿದ್ದಕ್ಕೆ ಅಂಕ ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿಯಿತು. ಹರಡಿಕೆಯ ವರ್ಗದಷ್ಟು ಅಂಕ ಕುಸಿಯುವುದೇ ಈ ವಿಧಾನದ ಬಲ. ಕಣ್ಣಿಗೆ ಅಷ್ಟೇನೂ ಗೊತ್ತಾಗದ ಮಸುಕೂ ಅಂಕದಲ್ಲಿ ಢಾಳಾಗಿ ಕಾಣುತ್ತದೆ.

ಪೈಥಾನ್‌ನಲ್ಲಿ ಓಪನ್‌ಸಿವಿ ಇದ್ದರೆ ಇಡೀ ಕೆಲಸ ಇಷ್ಟೇ:

```python
import cv2, glob
for p in sorted(glob.glob("sirsi/*.JPG")):
    g = cv2.imread(p, cv2.IMREAD_GRAYSCALE)
    g = cv2.resize(g, None, fx=0.25, fy=0.25,
                   interpolation=cv2.INTER_AREA)
    print(p, cv2.Laplacian(g, cv2.CV_64F).var())
```

ಇಲ್ಲಿ `CV_64F` ಎಂಬುದನ್ನು ಬಿಡುವಂತಿಲ್ಲ. ಅದರ ಬದಲು 8 ಬಿಟ್‌ನ `CV_8U` ಹಾಕಿದರೆ ಸೊನ್ನೆಗಿಂತ ಕಡಿಮೆಯ ಬೆಲೆಗಳೆಲ್ಲ ಸೊನ್ನೆಯಾಗಿಬಿಡುತ್ತವೆ. ಮೇಲಿನ −150 ಕಳೆದುಹೋಗಿ 4,500 ಬರಬೇಕಾದಲ್ಲಿ 2,025 ಬರುತ್ತದೆ. ಪ್ರೋಗ್ರಾಂ ತಪ್ಪು ತೋರಿಸದೆ ಓಡುವುದರಿಂದ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಚಿತ್ರವನ್ನು ಕಾಲು ಭಾಗಕ್ಕೆ ಇಳಿಸುವ ಸಾಲು ಯಾಕೆ ಎಂಬುದು ಮುಂದೆ ಬರುತ್ತದೆ.

ಹುಟ್ಟಿದ್ದು ಸೂಕ್ಷ್ಮದರ್ಶಕದ ಕೆಳಗೆ

ಈ ಅಳತೆ ಫೋಟೊ ಸಂಗ್ರಹಕ್ಕೆಂದು ಬಂದದ್ದಲ್ಲ. ಪೆಚ್-ಪಚೆಕೊ, ಕ್ರಿಸ್ಟೋಬಲ್ ಮತ್ತು ಸಂಗಡಿಗರು 2000ರಲ್ಲಿ ಬಾರ್ಸಿಲೋನಾದ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸಿದರು. ಅವರ ಮುಂದಿದ್ದ ಪ್ರಶ್ನೆ ಡಯಾಟಮ್‌ಗಳದ್ದು. ನೀರಿನಲ್ಲಿ ಬೆಳೆಯುವ, ಸಿಲಿಕಾದ ಕವಚವಿರುವ, ಮಿಲಿಮೀಟರಿನ ಸಣ್ಣ ಭಾಗದಷ್ಟೇ ಇರುವ ಪಾಚಿಗಳಿವು. ಸೂಕ್ಷ್ಮದರ್ಶಕದ ಗಾಜನ್ನು ಸ್ವಲ್ಪಸ್ವಲ್ಪವೇ ಮೇಲೆ ಕೆಳಗೆ ಸರಿಸುತ್ತ ಸಾಲುಸಾಲಾಗಿ ಚಿತ್ರ ತೆಗೆದರೆ ಯಾವುದರಲ್ಲಿ ಫೋಕಸ್ ಸರಿಯಾಗಿ ಕೂತಿದೆ ಎಂದು ಯಂತ್ರವೇ ಹೇಳಬೇಕಿತ್ತು.

ಡಯಾಟಮ್ ನಮ್ಮ ಭಾಗಕ್ಕೆ ದೂರದ ಸಂಗತಿಯೇನಲ್ಲ. ಪಶ್ಚಿಮ ಘಟ್ಟದ ನಡುಭಾಗದ ಹೊಳೆಗಳ ಡಯಾಟಮ್‌ಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿದೆ. ಶಿರಸಿಯಲ್ಲಿ ಹುಟ್ಟಿ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ, ಯಲ್ಲಾಪುರದ ಮಾಗೋಡಿನಲ್ಲಿ ಬೀಳುವ ಬೆಡ್ತಿ ಇದೇ ಘಟ್ಟದ ಹೊಳೆಗಳು. ಆ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಫೋಕಸ್ ಹುಡುಕುವ ಕೆಲಸಕ್ಕೆ ಈ ಅಂಕ ಹೇಳಿ ಮಾಡಿಸಿದಂತಿದೆ.

ಯಾಕೆಂದರೆ ಅಲ್ಲಿ ವಸ್ತು ಅದೇ, ಬೆಳಕು ಅದೇ, ಹಿನ್ನೆಲೆ ಅದೇ. ಬದಲಾಗುವುದು ಫೋಕಸ್ ಒಂದೇ. ಹಾಗಾಗಿ ಅಂಕ ಹೆಚ್ಚಿದರೆ ಫೋಕಸ್ ಹೆಚ್ಚಿತು ಎಂದು ನಿಸ್ಸಂಶಯವಾಗಿ ಹೇಳಬಹುದು. 4,500 ಎಂಬುದಕ್ಕೆ ತನ್ನಷ್ಟಕ್ಕೇ ಅರ್ಥವಿಲ್ಲ. ಪಕ್ಕದ ಚಿತ್ರದ 180ಕ್ಕಿಂತ ಅದು ದೊಡ್ಡದು ಎಂಬುದಷ್ಟೇ ಅರ್ಥ. ಇದೇ ಅಂಕವನ್ನು ಬೇರೆಬೇರೆ ಊರಿನ, ಹೊತ್ತಿನ, ಬೆಳಕಿನ 40,000 ಚಿತ್ರಗಳ ಮೇಲೆ ಹೊರಿಸಿದಾಗ ಆ ನಿಯಮ ಮುರಿಯುತ್ತದೆ. ಮೂರು ತಾಲ್ಲೂಕಿನಲ್ಲೂ ಅದು ಮುರಿಯುವ ರೀತಿ ಒಂದೊಂದು.

ಉಂಚಳ್ಳಿಯ ಮಂಜು

ಜುಲೈಯಲ್ಲಿ ಉಂಚಳ್ಳಿಯ ಎದುರು ನಿಂತರೆ 116 ಮೀಟರ್ ಎತ್ತರದಿಂದ ಬೀಳುವ ನೀರು ಮಂಜಿನ ಹಿಂದೆ ಇರುತ್ತದೆ. ಟ್ರೈಪಾಡ್ ಮೇಲೆ ನಿಲ್ಲಿಸಿ ಎಷ್ಟೇ ಚೂಪಾಗಿ ತೆಗೆದರೂ ಬಂಡೆಗೂ ನೀರಿಗೂ ನಡುವಿನ ಬೂದು ಬಣ್ಣದ ಅಂತರ ಸಣ್ಣದು. ಮೇಲಿನ ಲೆಕ್ಕದಲ್ಲಿ 150 ಇದ್ದ ಅಂತರ ಮಂಜಿನಿಂದಾಗಿ 15ಕ್ಕೆ ಇಳಿಯಿತು ಅನ್ನಿ. ಅಂಚು ಮಾತ್ರ ಅಷ್ಟೇ ಚೂಪು. ಆಗ ಲ್ಯಾಪ್ಲಾಸಿಯನ್ +15 ಮತ್ತು −15, ವೇರಿಯನ್ಸ್ 45.

ಬಿಸಿಲಿನಲ್ಲಿ ಕೈ ಅಲುಗಿ ಮಸುಕಾದ ಚಿತ್ರಕ್ಕೆ ಬಂದದ್ದು 180. ಮಂಜಿನ ಚೂಪಾದ ಚಿತ್ರಕ್ಕೆ 45. 100ರ ಗೆರೆ ಹಾಕಿದರೆ ಕೆಟ್ಟದ್ದು ಉಳಿದು ಒಳ್ಳೆಯದು ಹೋಗುತ್ತದೆ. ಕಾಂಟ್ರಾಸ್ಟ್ ಹತ್ತನೇ ಒಂದಾದರೆ ಅಂಕ ನೂರನೇ ಒಂದಾಗುವುದು ಗಣಿತದ ನಿಯಮ, ಪ್ರೋಗ್ರಾಮಿನ ದೋಷವಲ್ಲ. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಫೋಲ್ಡರುಗಳೆಲ್ಲ ಈ ಗೆರೆಯ ಕೆಳಗೆ ಜಾರುವ ಸಾಧ್ಯತೆ ಇಲ್ಲಿದೆ.

ಇದಕ್ಕೆ ಒಂದು ಮದ್ದು ಉಂಟು. ಲ್ಯಾಪ್ಲಾಸಿಯನ್‌ನ ವೇರಿಯನ್ಸನ್ನು ಚಿತ್ರದ್ದೇ ಬೂದು ಬೆಲೆಗಳ ವೇರಿಯನ್ಸಿನಿಂದ ಭಾಗಿಸುವುದು. ಬಿಸಿಲಿನ ಚೂಪು ತುಂಡಿನಲ್ಲಿ ಅರ್ಧ 50, ಅರ್ಧ 200. ಸರಾಸರಿ 125, ವೇರಿಯನ್ಸ್ 75ರ ವರ್ಗ, ಅಂದರೆ 5,625. ಭಾಗಿಸಿದರೆ 0.8. ಮಂಜಿನ ತುಂಡಿನಲ್ಲಿ ಬೂದು ಬೆಲೆಯ ವೇರಿಯನ್ಸ್ 56.25, 45ನ್ನು ಅದರಿಂದ ಭಾಗಿಸಿದರೂ 0.8. ಬಿಸಿಲಿನ ಮಸುಕು ತುಂಡಿನಲ್ಲಿ 180ನ್ನು 3,825ರಿಂದ ಭಾಗಿಸಿದರೆ 0.047. ಈಗ ಚೂಪಾದ ಎರಡೂ ಒಂದೇ ಸಾಲಿನಲ್ಲಿ ನಿಂತವು, ಮಸುಕಾದದ್ದು ಕೆಳಗೆ ಹೋಯಿತು. ಪ್ರೋಗ್ರಾಮಿಗೆ ಸೇರುವುದು `/ g.var()` ಎಂಬ ಒಂದು ತುಣುಕು ಮಾತ್ರ.

ರಾತ್ರಿಯ ಕಾಳು

ಭಾಗಿಸುವ ಮದ್ದು ಹಗಲಿನ ಚಿತ್ರಕ್ಕೆ ಸರಿ, ರಾತ್ರಿ ಅದು ಮಾತ್ರವೇ ಸಾಲದು. ಬೇಡರ ವೇಷ ಹೋಳಿಯ ಹಿಂದಿನ ರಾತ್ರಿಗಳಲ್ಲಿ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಶಿರಸಿಯ ಬೀದಿಗಳಲ್ಲಿ ನಡೆಯುವುದು. ಬೀದಿ ದೀಪದ ಬೆಳಕಿನಲ್ಲಿ ಐಎಸ್ಒ 6400ಕ್ಕೆ ಏರಿಸಿದರೆ ಚಿತ್ರದ ತುಂಬ ಕಾಳುಕಾಳು. ಆ ಕಾಳು ಲ್ಯಾಪ್ಲಾಸಿಯನ್ನಿಗೆ ಅಂಚಿನಂತೆಯೇ ಕಾಣುತ್ತದೆ.

ಎಷ್ಟರಮಟ್ಟಿಗೆ ಎಂಬುದನ್ನೂ ಲೆಕ್ಕ ಹಾಕಬಹುದು. ಒಂದು ಪಿಕ್ಸೆಲ್‌ನ ಕಾಳಿಗೂ ಪಕ್ಕದ್ದಕ್ಕೂ ಸಂಬಂಧವಿಲ್ಲದಿದ್ದರೆ ಲ್ಯಾಪ್ಲಾಸಿಯನ್ನಿನ ಐದು ಗುಣಕಗಳ ವರ್ಗಗಳನ್ನು ಕೂಡಬೇಕು: ನಾಲ್ಕು ಒಂದುಗಳು ಮತ್ತು ನಾಲ್ಕರ ವರ್ಗ 16, ಒಟ್ಟು 20. ಅಂದರೆ ಕಾಳಿನ ವೇರಿಯನ್ಸ್ ಇಪ್ಪತ್ತು ಪಟ್ಟಾಗಿ ಹೊರಬರುತ್ತದೆ. 255ರ ಅಳತೆಯಲ್ಲಿ ಬರೇ 3ರಷ್ಟು ಏರಿಳಿತದ ಕಾಳಿದ್ದರೆ ಅದರ ವೇರಿಯನ್ಸ್ 9, ಅಂಕಕ್ಕೆ ಸೇರುವುದು 180. ಏನೂ ಇಲ್ಲದ ಕತ್ತಲ ಚಿತ್ರವೂ ಹೀಗೆ 100ರ ಗೆರೆಯನ್ನು ಆರಾಮಾಗಿ ದಾಟುತ್ತದೆ. ಮೇಲೆ ಹೇಳಿದ ಭಾಗಾಕಾರ ಮಾಡಿದರೆ ಇನ್ನೂ ಕೆಡುತ್ತದೆ: 180ನ್ನು 9ರಿಂದ ಭಾಗಿಸಿದರೆ 20. ಅತ್ಯಂತ ಚೂಪಾದ ಅಂಚಿಗೆ ಬಂದದ್ದು 0.8 ಎಂಬುದನ್ನು ನೆನಪಿಡಿ.

ಚಿತ್ರವನ್ನು ಕಾಲು ಭಾಗಕ್ಕೆ ಇಳಿಸುವುದು ಇದಕ್ಕಾಗಿ. `INTER_AREA` ಪ್ರತಿ 16 ಪಿಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಮಾಡುತ್ತದೆ. ಕಾಳಿನ ವೇರಿಯನ್ಸ್ ಹದಿನಾರನೇ ಒಂದಾಗಿ 180ರ ಕೊಡುಗೆ 11ಕ್ಕೆ ಬರುತ್ತದೆ. ಕ್ಯಾಮೆರಾ ತಾನೇ ಜೆಪೆಗ್ ಮಾಡುವಾಗ ಕಾಳನ್ನು ಉಜ್ಜಿ ಪಕ್ಕದ ಪಿಕ್ಸೆಲ್‌ಗಳಿಗೆ ಹರಡಿರುತ್ತದೆ, ಆಗ ಇಳಿಕೆ ಇಷ್ಟು ಚೆನ್ನಾಗಿರದು. ಆದರೂ ಬಹುಪಾಲು ತೊಂದರೆ ತೀರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: 6000 ಅಗಲದಲ್ಲಿ ಎರಡು ಮೂರು ಪಿಕ್ಸೆಲ್‌ನಷ್ಟು ಮಾತ್ರ ಮಸುಕಾಗಿದ್ದರೆ 1500ಕ್ಕೆ ಇಳಿಸಿದಾಗ ಅದು ಮಾಯವಾಗುತ್ತದೆ. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 1500 ಪಿಕ್ಸೆಲ್‌ಗೆ 5 ಇಂಚಿನ ಚಿತ್ರ. ವಾಟ್ಸ್ಆ್ಯಪ್‌ಗೂ ಸ್ಮರಣ ಸಂಚಿಕೆಗೂ ಅಷ್ಟು ಸಾಕು. 20 ಇಂಚಿನ ಗೋಡೆಚಿತ್ರ ಬೇಕೆನ್ನುವವರು ಉಳಿದ ಆಯ್ಕೆಯನ್ನು ಪೂರ್ಣ ಗಾತ್ರದಲ್ಲಿ ಕಣ್ಣಿನಿಂದಲೇ ಮಾಡಬೇಕು.

ಬೇಡನ ಕೈ, ಹಿಂದಿನ ಜನ

ನವಿಲುಗರಿ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದು ಎಗರುವ ಬೇಡ. ಅವನನ್ನು ಹಗ್ಗದಿಂದ ಹಿಡಿದಿಟ್ಟ ಇಬ್ಬರು. ಸುತ್ತ ನಿಂತ ಜನ. ಕ್ಯಾಮೆರಾದ ಚೌಕಟ್ಟಿನಲ್ಲಿ 3 ಮೀಟರ್ ಅಗಲದ ಜಾಗ 6000 ಪಿಕ್ಸೆಲ್‌ನಲ್ಲಿ ಬಂದರೆ ಒಂದು ಮೀಟರಿಗೆ 2000 ಪಿಕ್ಸೆಲ್. ಕತ್ತಿ ಹಿಡಿದ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸಿದಾಗ ಶಟರ್ 1/60 ಸೆಕೆಂಡ್ ತೆರೆದಿದ್ದರೆ ಆ ಹೊತ್ತಿನಲ್ಲಿ ಕೈ 67 ಪಿಕ್ಸೆಲ್ ಸರಿದಿರುತ್ತದೆ. ಕಾಲು ಗಾತ್ರಕ್ಕೆ ಇಳಿಸಿದ ಮೇಲೆ 17. ಅದೇ 1/500 ಸೆಕೆಂಡ್ ಆದರೆ 2. ಬೀಸು ತಿರುಗುವ ಕ್ಷಣದಲ್ಲಿ ಕೈ ಬಹುತೇಕ ನಿಂತೇ ಇರುತ್ತದೆ, ಆಗ 1/60ರಲ್ಲೂ ಚೂಪಾಗಿ ಬರುತ್ತದೆ.

ನೂರು ಪಿಕ್ಸೆಲ್ ಅಗಲದ ತುಂಡಿನಲ್ಲಿ ಮೊದಲಿನ 150ರ ಅಂತರವೇ ಇದ್ದರೆ ನಿಂತ ಕೈಯ ಅಂಚಿಗೆ 450 ಅಂಕ, 2 ಪಿಕ್ಸೆಲ್ ಹರಡಿದ್ದಕ್ಕೆ 112, 17 ಪಿಕ್ಸೆಲ್ ಹರಡಿದ್ದಕ್ಕೆ ಒಂದೂವರೆ. ವ್ಯತ್ಯಾಸ ಅಗಾಧ. ಆದರೆ ಇಡೀ ಚಿತ್ರದ ಅಂಕದಲ್ಲಿ ಇದು ಕಾಣುತ್ತದೆಯೇ? ಹಿಂದೆ ಅಲುಗದೆ ನಿಂತ ಜನ, ಅಂಗಡಿಯ ಬೋರ್ಡಿನ ಅಕ್ಷರಗಳು ಚೂಪಾಗಿಯೇ ಇರುತ್ತವೆ. ಬೇಡ ಪೂರ್ತಿ ಕಲಸಿಹೋದರೂ ಹಿನ್ನೆಲೆಯೇ ಚಿತ್ರವನ್ನು ಗೆರೆಯ ಮೇಲೆ ನಿಲ್ಲಿಸುತ್ತದೆ. ತಿರುಗುಮುರುಗಾಗುವುದೂ ಇದೆ: ಬೇಡನ ಓಟದ ಜತೆ ಕ್ಯಾಮೆರಾ ತಿರುಗಿಸಿ, ಅವನನ್ನು ಚೂಪಾಗಿಯೂ ಜನರನ್ನು ಗೆರೆಗೆರೆಯಾಗಿಯೂ ಹಿಡಿದ ಚಿತ್ರ. ನುರಿತ ಕೈಯ ಅಂಥ ಚಿತ್ರಕ್ಕೆ ಆ ರಾತ್ರಿಯ ಅತಿ ಕಡಿಮೆ ಅಂಕ ಬೀಳಬಹುದು. ಕಪ್ಪು ಹಿನ್ನೆಲೆಯ ಚಿತ್ರಗಳಿಗೂ ಇದೇ ಅನ್ಯಾಯ. ಚೂಪಾದ ಮುಖ ಚೌಕಟ್ಟಿನ ಇಪ್ಪತ್ತನೇ ಒಂದು ಭಾಗದಲ್ಲಿದ್ದು ಉಳಿದದ್ದೆಲ್ಲ ಕತ್ತಲಾದರೆ ಮುಖದ 4,500 ಅಂಕ ಇಡೀ ಚಿತ್ರದಲ್ಲಿ 225 ಆಗುತ್ತದೆ.

ಇಡೀ ಚಿತ್ರದ ಬದಲು ಅದನ್ನು ಅಡ್ಡಕ್ಕೆ 8, ಉದ್ದಕ್ಕೆ 6 ತುಂಡು ಮಾಡಿ, 48 ತುಂಡುಗಳಿಗೂ ಬೇರೆಬೇರೆ ಅಂಕ ತೆಗೆದು, ಅತಿ ಹೆಚ್ಚು ಬಂದ ಮೂರು ತುಂಡುಗಳ ಸರಾಸರಿ ಹಿಡಿಯುವುದು ನನಗೆ ಸರಿ ಕಂಡ ದಾರಿ. ಭಾಗಾಕಾರದ ಮದ್ದನ್ನು ತುಂಡಿಗೆ ಹಚ್ಚುವಾಗ ಬೂದು ಬೆಲೆಯ ವೇರಿಯನ್ಸ್ ತೀರಾ ಕಡಿಮೆ ಇರುವ ಖಾಲಿ ತುಂಡುಗಳನ್ನು ಮೊದಲೇ ಬಿಟ್ಟುಬಿಡಬೇಕು, ಇಲ್ಲವಾದರೆ ಕತ್ತಲ ಕಾಳೇ ಮೊದಲ ಸ್ಥಾನ ಪಡೆಯುತ್ತದೆ. ಹೀಗೆ ಮಾಡಿದರೆ ಎಲ್ಲೋ ಒಂದು ಕಡೆ ಚೂಪಿರುವ ಚಿತ್ರವೆಲ್ಲ ಬಚಾವು. ಸಾತೊಡ್ಡಿಯಲ್ಲಿ ನೀರು ಹಾಲಿನಂತೆ ಹರಡಲೆಂದು ಶಟರ್ ಹೆಚ್ಚು ಹೊತ್ತು ತೆರೆದು ತೆಗೆದ ಚಿತ್ರವೂ ಬಂಡೆಯ ತುಂಡುಗಳಿಂದಾಗಿ ಉಳಿಯುತ್ತದೆ. ಹಿನ್ನೆಲೆ ಮಾತ್ರ ಚೂಪಿರುವ ಕೆಟ್ಟ ಚಿತ್ರವೂ ಉಳಿದುಬಿಡುತ್ತದೆ, ನಿಜ. ಕೆಟ್ಟದ್ದೊಂದು ಉಳಿದರೆ ನಷ್ಟ 3 ಸೆಕೆಂಡ್. ಒಳ್ಳೆಯದು ಹೋದರೆ ಅದೇ ರಾತ್ರಿ ಮತ್ತೆ ಬರುವುದಿಲ್ಲ, ಮುಂದಿನ ವೇಷಕ್ಕೂ ಎರಡು ವರ್ಷ ಕಾಯಬೇಕು.

ಗುಂಪಿನೊಳಗಿನ ಹೋಲಿಕೆ

ಹಾಗಾದರೆ ಈ ಅಂಕವನ್ನು ಪೂರ್ತಿ ನಂಬಬಹುದಾದ ಜಾಗ ಯಾವುದು? ಡಯಾಟಮ್‌ನ ಸ್ಥಿತಿ ಫೋಟೊ ಸಂಗ್ರಹದಲ್ಲೂ ಒಂದು ಕಡೆ ಸಿಗುತ್ತದೆ. ಬೇಡರ ವೇಷಕ್ಕೆ ಹೋದವರು ಗುಂಡಿ ಒತ್ತಿ ಹಿಡಿದು ಸೆಕೆಂಡಿಗೆ ಏಳೆಂಟು ಚಿತ್ರ ಒಟ್ಟಿಗೆ ತೆಗೆಯುತ್ತಾರೆ. ಆ ಎಂಟರಲ್ಲಿ ಬೆಳಕು ಒಂದೇ, ಐಎಸ್ಒ ಒಂದೇ, ಕಾಳೂ ಒಂದೇ, ಹಿಂದಿನ ಜನರೂ ಅವರೇ. ಹಿನ್ನೆಲೆಯಿಂದ ಬರುವ ಅಂಕ ಎಂಟಕ್ಕೂ ಸುಮಾರಾಗಿ ಸಮನಾಗಿ ಸೇರಿರುವುದರಿಂದ ಯಾವುದು ಮೇಲು ಎಂಬ ಕ್ರಮವನ್ನು ಅದು ಕೆಡಿಸುವುದಿಲ್ಲ. ಉಳಿಯುವ ವ್ಯತ್ಯಾಸ ಬೇಡನ ಚಲನೆಯದು ಮತ್ತು ಕ್ಯಾಮೆರಾ ಹಿಡಿದ ಕೈಯದು. ಇಲ್ಲಿ 100 ಎಂಬ ಗೆರೆಯೇ ಬೇಡ. ಗುಂಪಿನಲ್ಲಿ ಹೆಚ್ಚು ಅಂಕದ ಎರಡನ್ನು ಉಳಿಸಿಕೊಂಡು ಉಳಿದದ್ದನ್ನು ಪಕ್ಕದ ಫೋಲ್ಡರಿಗೆ ಸರಿಸಿದರಾಯಿತು.

ಗುಂಪು ಮಾಡುವುದು ಕಷ್ಟವಿಲ್ಲ. ಕ್ಯಾಮೆರಾದ ಜೆಪೆಗ್‌ನೊಳಗೆ `DateTimeOriginal` ಎಂಬ ಸಮಯ ಇರುತ್ತದೆ. ಸಮಯದ ಪ್ರಕಾರ ಜೋಡಿಸಿ, ಹಿಂದಿನ ಚಿತ್ರಕ್ಕೂ ಇದಕ್ಕೂ 2 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಅದೇ ಗುಂಪಿಗೆ ಹಾಕಬೇಕು. ಎರಡು ಕ್ಯಾಮೆರಾಗಳ ಚಿತ್ರ ಬೆರೆತಿದ್ದರೆ ಮೊದಲು ಕ್ಯಾಮೆರಾವಾರು ಬೇರೆ ಮಾಡಬೇಕು, ಗಡಿಯಾರಗಳು ಹೊಂದಿಕೆಯಾಗುವುದು ಅಪರೂಪ. ಗುಂಪಿನ ನಡುವೆ ಫ್ಲಾಶ್ ಬಿದ್ದರೆ ಅಥವಾ ಜೂಮ್ ತಿರುಗಿಸಿದ್ದರೆ ಹೋಲಿಕೆ ಮತ್ತೆ ಸುಳ್ಳಾಗುತ್ತದೆ, ಅಂಥ ಗುಂಪನ್ನು ಫೋಕಲ್ ಲೆಂತ್ ಮತ್ತು ಫ್ಲಾಶ್ ವಿವರ ನೋಡಿ ಒಡೆಯಬೇಕು. ಇನ್ನೊಂದು ಮಿತಿ ಚಲನೆಯ ದಿಕ್ಕಿನದು. ಕೈ ಅಡ್ಡ ಬೀಸಿದರೆ ನೆಟ್ಟಗಿನ ಅಂಚುಗಳು ಕಲಸುತ್ತವೆ, ಅಡ್ಡ ಅಂಚುಗಳು ಚೂಪಾಗಿಯೇ ಉಳಿಯುತ್ತವೆ. ಅಂಕ ಇಳಿಯುತ್ತದೆ, ಆದರೆ ಲೆಕ್ಕ ಹೇಳಿದಷ್ಟು ಇಳಿಯುವುದಿಲ್ಲ.

ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು, ಮುಖದ ಭಾವವನ್ನು ಅಂಕ ಎಣಿಸುವುದಿಲ್ಲ. ಒಂದರ ಬದಲು ಎರಡು ಚಿತ್ರ ಉಳಿಸಿಕೊಳ್ಳಿ ಎಂದದ್ದು ಅದಕ್ಕಾಗಿಯೇ.

ಓಟಕ್ಕೆ ಬೇಕಾದ ಹೊತ್ತು, ಪರೀಕ್ಷೆಗೆ ಬೇಕಾದ ಚಿತ್ರ

ಒಂದು ಚಿತ್ರವನ್ನು ಬಿಡಿಸಿ ಅಂಕ ತೆಗೆಯಲು ಸಾಮಾನ್ಯ ಲ್ಯಾಪ್‌ಟಾಪ್‌ಗೆ 0.2 ಸೆಕೆಂಡ್ ಹಿಡಿದರೆ 40,000ಕ್ಕೆ 8,000 ಸೆಕೆಂಡ್, ಎರಡೂಕಾಲು ಗಂಟೆಗೂ ಕಡಿಮೆ. ಇದರಲ್ಲಿ ಹೆಚ್ಚಿನ ಪಾಲು ಜೆಪೆಗ್ ಬಿಡಿಸುವುದಕ್ಕೇ ಹೋಗುತ್ತದೆ, ಲ್ಯಾಪ್ಲಾಸಿಯನ್ನಿಗಲ್ಲ. `cv2.IMREAD_REDUCED_GRAYSCALE_4` ಎಂದು ಕೇಳಿದರೆ ಫೈಲನ್ನು ಬಿಡಿಸುವಾಗಲೇ ಕಾಲು ಗಾತ್ರಕ್ಕೆ ಇಳಿಸುತ್ತದೆ, ಹೊತ್ತು ಇನ್ನೂ ಕಡಿಮೆಯಾಗುತ್ತದೆ. ಆದರೆ ಎರಡು ದಾರಿಗಳ ಅಂಕ ಒಂದೇ ಬರುವುದಿಲ್ಲ. ಯಾವುದಾದರೂ ಒಂದನ್ನು ಆರಿಸಿಕೊಂಡು ಇಡೀ ಸಂಗ್ರಹಕ್ಕೆ ಅದನ್ನೇ ಬಳಸಬೇಕು. ಹೊರಗಿನ ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿ ಓದುವುದಾದರೆ 320 ಜಿಬಿ ಓದಲು 53 ನಿಮಿಷವಂತೂ ಬೇಕೇಬೇಕು.

ಗುಂಪಿಗೆ ಸೇರದ ಬಿಡಿ ಚಿತ್ರಗಳಿಗೆ ಮಾತ್ರ ಗೆರೆ ಬೇಕಾಗುತ್ತದೆ. ಅದನ್ನು ಬೇರೆಯವರ 100ರಿಂದ ಎರವಲು ತರಬಾರದು, ನಮ್ಮ ಚಿತ್ರಗಳಿಂದಲೇ ತೆಗೆಯಬೇಕು. ಅದಕ್ಕೂ ಮಳೆಗಾಲದ್ದು, ಬೇಸಿಗೆ ಹಗಲಿನದು, ರಾತ್ರಿಯದು ಎಂದು ಮೂರು ಗೆರೆ. ಅಂಕದ ಪ್ರಕಾರ ಜೋಡಿಸಿ ಕೆಳಗಿನ ನೂರನ್ನೂ ಮೇಲಿನ ನೂರನ್ನೂ ಒಮ್ಮೆ ನೋಡಿದರೆ ಹಾದಿ ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಕೆಳಗೆ ಮಂಜಿನ ಚಿತ್ರಗಳೇ ತುಂಬಿದ್ದರೆ ಕಾಂಟ್ರಾಸ್ಟ್ ಭಾಗಾಕಾರ ತಪ್ಪಿದೆ. ಮೇಲೆ ಕತ್ತಲ ಚಿತ್ರಗಳಿದ್ದರೆ ಕಾಳು ಗೆದ್ದಿದೆ. ಅಡಿಕೆ ತೋಟದ ಸೋಗೆ, ಉದುರಿದ ಎಲೆಯ ನೆಲ ಮೇಲಿನ ಸಾಲಿನಲ್ಲಿ ಬರುವುದು ಸಹಜ. ಸಣ್ಣಸಣ್ಣ ಅಂಚುಗಳು ಅಲ್ಲಿ ಒತ್ತಾಗಿರುವುದರಿಂದ ಕೊಂಚ ಮಸುಕಾದ ತೋಟವೂ ಚೂಪಾದ ಸುಣ್ಣದ ಗೋಡೆಯನ್ನು ಹಿಂದಿಕ್ಕುತ್ತದೆ.

ಗೆರೆ ನಿಕ್ಕಿ ಮಾಡಿದ ಮೇಲೆ ಪರೀಕ್ಷೆ. ಗೆರೆ ಹಾಕಲು ನೋಡಿದ ಚಿತ್ರಗಳನ್ನು ಬಿಟ್ಟು, ಒಳ್ಳೆಯವೆಂದು ಕಣ್ಣಿನಿಂದ ಒಪ್ಪಿದ ಬೇರೆ 300 ಚಿತ್ರಗಳನ್ನು ಚೀಟಿ ಎತ್ತಿದಂತೆ ಆರಿಸಿ. ಅವುಗಳಲ್ಲಿ ಒಂದೂ ಗೆರೆಯ ಕೆಳಗೆ ಬೀಳದಿದ್ದರೆ ಯಂತ್ರ ತಪ್ಪೇ ಮಾಡುವುದಿಲ್ಲ ಎಂದು ತಿಳಿಯುವ ಹಾಗಿಲ್ಲ. ಸಂಖ್ಯಾಶಾಸ್ತ್ರದ ರೂಢಿಯ ಪ್ರಕಾರ 300ರಲ್ಲಿ ಸೊನ್ನೆ ತಪ್ಪು ಕಂಡರೆ ನಿಜವಾದ ತಪ್ಪು 3ನ್ನು 300ರಿಂದ ಭಾಗಿಸಿದಷ್ಟು, ಅಂದರೆ ಶೇ. 1ರವರೆಗೂ ಇರಬಹುದು, ಶೇ. 95ರಷ್ಟು ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ. ಸಂಗ್ರಹದಲ್ಲಿ 30,000 ಒಳ್ಳೆಯ ಚಿತ್ರಗಳಿದ್ದರೆ ಶೇ. 1 ಎಂದರೆ 300 ಚಿತ್ರ.

ಆ 300ನ್ನು ಉಳಿಸಲು ತಗಲುವ ಖರ್ಚು ದೊಡ್ಡದೇನಲ್ಲ. ಸರಿಸಿದ 8,000 ಚಿತ್ರಗಳನ್ನು ಪರದೆಗೆ 40ರಂತೆ ಸಣ್ಣದಾಗಿ ಜೋಡಿಸಿದರೆ 200 ಪರದೆ, ಒಂದಕ್ಕೆ ಅರ್ಧ ನಿಮಿಷದಂತೆ 100 ನಿಮಿಷ. 33 ಗಂಟೆಯ ಕೆಲಸ ಒಂದು ಗಂಟೆ 40 ನಿಮಿಷಕ್ಕೆ ಇಳಿಯಿತು, ಯಂತ್ರ ತಾನಾಗಿ ಓಡುವ ಎರಡು ಚಿಲ್ಲರೆ ಗಂಟೆ ಬೇರೆ. ಆ ಸಣ್ಣ ಚಿತ್ರಗಳಲ್ಲಿ ಮಸುಕು ಅಷ್ಟಾಗಿ ಕಾಣದಿರಬಹುದು, ಆದರೆ ಮಂಜಿನ ಉಂಚಳ್ಳಿಯನ್ನೂ ಓಡುವ ಬೇಡನನ್ನೂ ಗುರುತಿಸಿ ವಾಪಸು ತರಲು ಅಷ್ಟು ಸಾಕು. ಅಂಕಗಳ ಪಟ್ಟಿಯನ್ನು ಫೈಲಿನ ಹೆಸರಿನ ಜತೆ ಒಂದು ಸಿಎಸ್‌ವಿಯಲ್ಲಿ ಇಟ್ಟುಕೊಳ್ಳಿ. ಸಾಲಿಗೆ 60 ಅಕ್ಷರದಂತೆ 40,000 ಸಾಲಿಗೆ ಬೇಕಾಗುವುದು 2.4 ಎಂಬಿ. ನಾಳೆ ಗೆರೆಯನ್ನು ಬದಲಿಸಬೇಕೆನ್ನಿಸಿದರೆ 320 ಜಿಬಿಯನ್ನು ಮತ್ತೊಮ್ಮೆ ಓದಿಸುವ ಅಗತ್ಯ ಬೀಳುವುದಿಲ್ಲ.